ಪದಗಳು ಒಂದಕ್ಕೊಂದು ಹತ್ತಿರ ಬಂದರೆ ಲಿಮಿಟ್ ಇದ್ದೇ ಇರುತ್ತದೆಯೇ?

ಪ್ರಶ್ನೆ: ಸರ್, ನಾನು ಬಿಎಸ್ಸಿ ಎರಡನೇ ವರ್ಷ. ಕೋಶಿ ಸೀಕ್ವೆನ್ಸ್ ಅಂದ್ರೆ ಪದಗಳು ಹೋಗ್ತಾ ಹೋಗ್ತಾ ಹತ್ತಿರ ಬರೋದು ಅಂತ ತಿಳ್ಕೊಂಡಿದ್ದೆ. ಟೆಸ್ಟಲ್ಲಿ xₙ₊₁ − xₙ ಸೊನ್ನೆಗೆ ಹೋಗುತ್ತೆ ಅಂತ ತೋರಿಸಿ ಕೋಶಿ ಅಂತ ಬರೆದೆ, ಮಾರ್ಕ್ಸ್ ಕೊಡಲಿಲ್ಲ. ನನ್ನ ಗೆಳೆಯ p ಹಾಕಿ xₙ₊ₚ − xₙ ಅಂತ ಬರೆದ, ಅವನಿಗೂ ಕೊಡಲಿಲ್ಲ. ಇನ್ನೊಂದು ಡೌಟು. ಕೋಶಿ ಆದ್ರೆ ಕನ್ವರ್ಜ್, ಕನ್ವರ್ಜ್ ಆದ್ರೆ ಕೋಶಿ ಅಂದ್ಮೇಲೆ ಎರಡು ಹೆಸರು ಯಾಕೆ? "R ಕಂಪ್ಲೀಟ್ ಆಗಿರೋದ್ರಿಂದ" ಅಂತಾರೆ. ಕಂಪ್ಲೀಟ್ ಅಂದ್ರೇನು ಅಂದ್ರೆ ಕೋಶಿ ಸೀಕ್ವೆನ್ಸ್ ಎಲ್ಲ ಕನ್ವರ್ಜ್ ಆಗೋದು ಅಂತಾರೆ. ಇದು ಸುಮ್ನೆ ಸುತ್ತು ಹೊಡೆದ ಹಾಗಲ್ವಾ?

ಉತ್ತರ: ಮಾರ್ಕ್ಸಿನ ವಿಷಯ ಮೊದಲು ಮುಗಿಸೋಣ. ನಿಮ್ಮ ಉತ್ತರ ತಪ್ಪು, ನಿಮ್ಮ ಗೆಳೆಯನದೂ ತಪ್ಪು. ಆದರೆ ಎರಡೂ ಒಂದೇ ತಪ್ಪಲ್ಲ. ಅವನ ತಪ್ಪು ಹಿಡಿಯುವುದು ಸ್ವಲ್ಪ ಕಷ್ಟ. ಎಷ್ಟೋ ವರ್ಷದಿಂದ ಉತ್ತರಪತ್ರಿಕೆ ತಿದ್ದುತ್ತಿದ್ದೇನೆ, ಈ ಎರಡೂ ಬರದ ವರ್ಷವೇ ಇಲ್ಲ.

xₙ = √n ತೆಗೆದುಕೊಳ್ಳಿ. ಪಕ್ಕಪಕ್ಕದ ಪದಗಳ ಅಂತರ 1/(√(n+1) + √n). n ಬೆಳೆದಂತೆ ಇದು ಸೊನ್ನೆಗೆ ಹೋಗುತ್ತದೆ. n = 2500 ಆದಾಗ ಅಂತರ ಆಗಲೇ 0.01ಕ್ಕಿಂತ ಕಡಿಮೆ. ಆದರೆ 2500ನೇ ಪದ 50, 10000ನೇ ಪದ 100. ಹೆಜ್ಜೆ ಚಿಕ್ಕದಾಗುತ್ತಾ ಹೋಯಿತು, ನಡಿಗೆ ಮಾತ್ರ ನಿಲ್ಲಲಿಲ್ಲ. ಕೋಶಿ ಷರತ್ತು ಹೆಜ್ಜೆಯ ಅಳತೆ ಕೇಳುವುದಿಲ್ಲ. ಅದು ಕೇಳುವುದು ಇದನ್ನು: ε ಎಷ್ಟೇ ಚಿಕ್ಕದಿರಲಿ, ಒಂದು N ಸಿಗಬೇಕು, ಆ N ದಾಟಿದ ಮೇಲೆ *ಯಾವ ಎರಡು* ಪದ ಎತ್ತಿಕೊಂಡರೂ |xₘ − xₙ| < ε ಆಗಬೇಕು. ಎರಡೂ ಪಕ್ಕದಲ್ಲಿರಬೇಕು ಅಂತಿಲ್ಲ. ಒಂದು 2500ನೆಯದು, ಇನ್ನೊಂದು ಒಂದು ಕೋಟಿಯದ್ದು ಆಗಿರಬಹುದು.

"√n ಅನಂತಕ್ಕೆ ಓಡಿಹೋಗುತ್ತೆ, ಅದಕ್ಕೇ ಹೀಗಾಯ್ತು, ಸೀಕ್ವೆನ್ಸ್ ಒಂದು ಮಿತಿಯೊಳಗೇ ಇದ್ದರೆ ಸರಿಹೋಗುತ್ತೆ" ಅಂತ ನೀವು ಹೇಳಬಹುದು. ಅದೂ ಇಲ್ಲ. sin(√n) ನೋಡಿ. ಇದು −1 ಮತ್ತು 1ರ ಮಧ್ಯವೇ ಇರುತ್ತದೆ. ಪಕ್ಕದ ಪದಗಳ ಅಂತರ √(n+1) − √n ಗಿಂತ ಜಾಸ್ತಿ ಆಗುವುದಿಲ್ಲ, ಹಾಗಾಗಿ ಅದೂ ಸೊನ್ನೆಗೇ ಹೋಗುತ್ತದೆ. ಆದರೂ ಈ ಸೀಕ್ವೆನ್ಸ್ 1ರ ಹತ್ತಿರ ಹೋಗಿ, ಮತ್ತೆ −1ರ ಹತ್ತಿರ ಬಂದು, ಕೊನೆಯಿಲ್ಲದೆ ಅತ್ತಿತ್ತ ಓಲಾಡುತ್ತಲೇ ಇರುತ್ತದೆ.

ಈಗ ನಿಮ್ಮ ಗೆಳೆಯನ ಉತ್ತರ. ಅವನು ಒಂದು p ಹಿಡಿದುಕೊಂಡ, xₙ₊ₚ − xₙ ಸೊನ್ನೆಗೆ ಹೋಗುತ್ತದೆ ಎಂದ, p ಯಾವುದಾದರೂ ಆಗಬಹುದು ಎಂದ. ಕೇಳಲು ಸರಿಯಾಗಿಯೇ ಇದೆ. √n ಮೇಲೆ ಹಾಕಿ ನೋಡಿ. p = 1 ಆದರೆ ಅಂತರ 0.01ರ ಒಳಗೆ ಬರಲು n = 2500 ಸಾಕು. p = 1000 ಆದರೆ n ಸುಮಾರು 250 ಕೋಟಿ ಆಗಬೇಕು. p ಎಷ್ಟೇ ಕೊಟ್ಟರೂ ಒಂದು N ಸಿಗುತ್ತದೆ, ನಿಜ. ಆದರೆ p ದೊಡ್ಡದಾದಂತೆ N ಇನ್ನೂ ಆಚೆ ಓಡುತ್ತದೆ. ಎಲ್ಲ p ಗಳಿಗೂ ಒಟ್ಟಿಗೆ ಆಗುವ ಒಂದೇ ಒಂದು N ಇಲ್ಲ. ಕೋಶಿ ಕೇಳುವುದು ಆ ಒಂದೇ N ಅನ್ನು. ಮೊದಲು N ನಿಲ್ಲಬೇಕು, ಆಮೇಲೆ p ಬರಬೇಕು. ಗೆಳೆಯ ಮೊದಲು p ಕರೆದು ಆಮೇಲೆ N ಹುಡುಕಿದ. ಮಾರ್ಕ್ಸ್ ಹೋಗಿದ್ದು ಅಲ್ಲೇ.

ಇನ್ನು ಎರಡು ಹೆಸರಿನ ಮಾತು. ಕನ್ವರ್ಜ್ ಆದ ಸೀಕ್ವೆನ್ಸ್ ಕೋಶಿ ಆಗುವುದಕ್ಕೆ ಯಾವ ಪೂರ್ಣತೆಯೂ ಬೇಕಿಲ್ಲ. ಎಲ್ಲ ಪದಗಳೂ L ನಿಂದ ε/2 ದೂರದೊಳಗೆ ಬಂದವು ಅಂದರೆ ತಮ್ಮ ತಮ್ಮಲ್ಲಿ ε ದೂರದೊಳಗೆ ಇರಲೇಬೇಕು. ಅಷ್ಟೇ, ಮುಗಿಯಿತು. ಕಥೆ ಇರುವುದು ತಿರುಗಾ ದಿಕ್ಕಿನಲ್ಲಿ. ಪದಗಳು ತಮ್ಮತಮ್ಮಲ್ಲೇ ಗುಂಪುಗೂಡಿವೆ, L ಎಂಬುದನ್ನು ಯಾರೂ ಕೊಟ್ಟಿಲ್ಲ. ಆ ಗುಂಪಿನ ನಡುವೆ ನಿಜವಾಗಿಯೂ ಒಂದು ಸಂಖ್ಯೆ ಇದೆಯೋ, ಅಥವಾ ಅಲ್ಲಿ ತೂತಿದೆಯೋ?

ತೂತಿರುವ ಜಾಗ ನೋಡಬೇಕಾದರೆ ಭಾಗಲಬ್ಧ ಸಂಖ್ಯೆಗಳಿಗೆ ಬನ್ನಿ. ಸ್ವಲ್ಪ ಹೊತ್ತು ಪೂರ್ಣಾಂಕಗಳ ಭಿನ್ನರಾಶಿ ಬಿಟ್ಟು ಬೇರೆ ಸಂಖ್ಯೆಯೇ ಗೊತ್ತಿಲ್ಲ ಅಂದುಕೊಳ್ಳಿ. √2 ಅನ್ನುವ ಮಾತೇ ಆಡಬೇಡಿ. 3/2 ರಿಂದ ಶುರು ಮಾಡಿ. ನಿಯಮ ಇಷ್ಟು: ಕೈಯಲ್ಲಿರುವ ಸಂಖ್ಯೆ x ಆದರೆ, x ಮತ್ತು 2/x ಎರಡರ ಸರಾಸರಿ ಮುಂದಿನ ಪದ. ಹಾಗೆ ಮಾಡುತ್ತಾ ಹೋದರೆ

3/2, 17/12, 577/408, 665857/470832, …

ಬರುತ್ತದೆ. ಪಕ್ಕದ ಪದಗಳನ್ನು ಕೈಯಲ್ಲೇ ಕಳೆದು ನೋಡಿ. 3/2 − 17/12 = 1/12. 17/12 − 577/408 = 1/408. ಅದರ ಮುಂದಿನದು 1/470832. ಪ್ರತಿ ಸಲವೂ ಅಂಶದಲ್ಲಿ 1, ಛೇದದಲ್ಲಿ ಹೊಸ ಪದದ ಛೇದ. ಇದು ಕಾಕತಾಳೀಯ ಅಲ್ಲ. p/q ಎಂಬ ಪದದಲ್ಲಿ p² − 2q² = 1 ಇದ್ದರೆ ಮುಂದಿನ ಪದದಲ್ಲೂ ಅದೇ ಇರುತ್ತದೆ, ಮತ್ತು ಇಳಿಕೆ ಸರಿಯಾಗಿ 1/(2pq) ಬರುತ್ತದೆ. ಅಂದಹಾಗೆ ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣಕ್ಕೆ ಕೊಟ್ಟಿರುವ ಅಳತೆ 1 + 1/3 + 1/(3·4) − 1/(3·4·34). ಮೊದಲ ಮೂರು ಸೇರಿ 17/12, ಕೊನೆಯದು 1/408. ಅಂದರೆ ನಮ್ಮ ಮೂರನೇ ಪದವೇ.

ಇದು ಕೋಶಿ ಅಂತ ಭಿನ್ನರಾಶಿಗಳ ಒಳಗೇ ಕೂತು ತೋರಿಸಬಹುದು. ಹೊಸ ಛೇದ 2pq, p ಕನಿಷ್ಠ 3. ಹಾಗಾಗಿ ಛೇದ ಪ್ರತಿ ಸಲ ಕನಿಷ್ಠ ಆರು ಪಟ್ಟಾಗುತ್ತದೆ, ಇಳಿಕೆ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಉಳಿಯುವುದಿಲ್ಲ. ಆದ್ದರಿಂದ ಒಂದು ಪದದಿಂದ ಮುಂದೆ ಆಗುವ ಇಳಿಕೆಗಳನ್ನೆಲ್ಲ ಕೂಡಿದರೂ ಮೊದಲ ಇಳಿಕೆಯ ಎರಡರಷ್ಟು ದಾಟುವುದಿಲ್ಲ. 577/408 ರಿಂದ ಮುಂದಿರುವ ಪದಗಳೆಲ್ಲ, ಎಷ್ಟೇ ದೂರ ಹೋದರೂ, 2/470832 ಅಗಲದ ಸಂದಿಯಲ್ಲೇ ಇರುತ್ತವೆ. ಇಲ್ಲಿ ಗಮನಿಸಿ, N ಮೊದಲು ನಿಂತಿತು, ಆಮೇಲೆ m ಎಲ್ಲಿಗೆ ಹೋದರೂ ಅದೇ N ಸಾಕಾಯಿತು.

ಹಾಗಾದರೆ ಲಿಮಿಟ್ ಎಲ್ಲಿ? p² − 2q² = 1 ಅಂದರೆ (p/q)² = 2 + 1/q². ಪದಗಳ ವರ್ಗ 2ಕ್ಕೆ ಹೋಗುತ್ತಿದೆ. ಭಾಗಲಬ್ಧ ಸಂಖ್ಯೆ r ಒಂದು ಲಿಮಿಟ್ ಆಗಿದ್ದರೆ r² = 2 ಆಗಬೇಕು. ಅಂಥ r ಇಲ್ಲ ಅಂತ ನೀವು ಪಿಯುಸಿಗೂ ಮುಂಚೆಯೇ ಕಲಿತಿದ್ದೀರಿ. ಗುಂಪು ಸರಿಯಾಗೇ ಕೂಡಿದೆ, ಷರತ್ತಿನಲ್ಲಿ ಒಂದು ಅಕ್ಷರ ತಪ್ಪಿಲ್ಲ, ಕೂಡಿದ ಜಾಗದಲ್ಲಿ ಮಾತ್ರ ಸಂಖ್ಯೆ ಇಲ್ಲ. ಭಾಗಲಬ್ಧ ಸಂಖ್ಯೆಗಳ ಲೋಕದಲ್ಲಿ ಕೋಶಿ ಬೇರೆ, ಕನ್ವರ್ಜ್ ಬೇರೆ. ಎರಡು ಹೆಸರು ಬೇಕಾಗಿರುವುದು ಅದಕ್ಕೇ.

ಈಗ ವಾಸ್ತವ ಸಂಖ್ಯೆಗಳಿಗೆ ಹೋಗೋಣ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬೋಲ್ಜಾನೊ–ವಯರ್‌ಸ್ಟ್ರಾಸ್ ಪ್ರಮೇಯ ಬಳಸಿ ಸಾಧಿಸುತ್ತಾರೆ. ಅದು ಸರಿಯಾದ ದಾರಿಯೇ. ಆದರೆ ಪೂರ್ಣತೆ ಆ ಪ್ರಮೇಯದ ಹೊಟ್ಟೆಯೊಳಗೆ ಅಡಗಿ ಕೂತಿರುತ್ತದೆ, ನಿಮ್ಮಂಥ ಪ್ರಶ್ನೆ ಹುಟ್ಟುವುದೂ ಅದರಿಂದಲೇ. ನಾನು ಇನ್ನೊಂದು ದಾರಿ ತೋರಿಸುತ್ತೇನೆ. ಇದರಲ್ಲಿ ಪೂರ್ಣತೆ ಒಂದೇ ಒಂದು ಸಾಲಿನಲ್ಲಿ ಬರುತ್ತದೆ, ಬೆರಳಿಟ್ಟು ತೋರಿಸಬಹುದು.

(xₙ) ಕೋಶಿ ಇರಲಿ. S ಎಂಬ ಗಣ ಮಾಡಿ: ಯಾವ t ಗಿಂತ ಕೆಳಗೆ ಸೀಕ್ವೆನ್ಸಿನ ಲೆಕ್ಕಕ್ಕೆ ಸಿಗುವಷ್ಟೇ ಪದಗಳಿವೆಯೋ, ಅನಂತ ಪದಗಳಿಲ್ಲವೋ, ಅಂಥ t ಗಳೆಲ್ಲ S ನಲ್ಲಿ. ಈಗ ಯಾವುದಾದರೂ ε ತೆಗೆದುಕೊಂಡು ಅದಕ್ಕೆ ಸರಿಯಾದ N ಹಿಡಿಯಿರಿ. N ರಿಂದ ಮುಂದಿನ ಪದಗಳೆಲ್ಲ x_N − ε ಮತ್ತು x_N + ε ನಡುವೆ ಇವೆ. ಹಾಗಾಗಿ x_N − ε ಗಿಂತ ಕೆಳಗೆ ಬೀಳುವುದಾದರೆ ಮೊದಲ N ಪದಗಳೊಳಗೆ ಯಾವುದಾದರೂ ಬೀಳಬೇಕು, ಅಷ್ಟೇ. ಆದ್ದರಿಂದ x_N − ε ಸಂಖ್ಯೆ S ನಲ್ಲಿದೆ, S ಖಾಲಿಯಲ್ಲ. ಇನ್ನೊಂದು ಕಡೆ, t ಸಂಖ್ಯೆ x_N + ε ಅಥವಾ ಅದಕ್ಕಿಂತ ದೊಡ್ಡದಾದರೆ N ರಿಂದಾಚೆಯ ಅನಂತ ಪದಗಳೂ t ಗಿಂತ ಕೆಳಗೇ ಬರುತ್ತವೆ. ಅಂಥ t S ನಲ್ಲಿ ಇರುವಂತಿಲ್ಲ. ಅಂದರೆ x_N + ε ಸಂಖ್ಯೆ S ಗೆ ಒಂದು ಮೇಲಿನ ಗಡಿ.

S ಖಾಲಿಯಲ್ಲ, ಮೇಲೆ ಗಡಿ ಇದೆ. ಆದ್ದರಿಂದ ಅದಕ್ಕೆ ಎಲ್ಲಕ್ಕಿಂತ ಚಿಕ್ಕದಾದ ಮೇಲಿನ ಗಡಿ, ಅಂದರೆ ಸುಪ್ರೀಮಮ್, ಒಂದಿದೆ. ಅದನ್ನು L ಅನ್ನಿ. ಪೂರ್ಣತೆ ಬಂದದ್ದು ಈ ಸಾಲಿನಲ್ಲಿ, ಇಲ್ಲಿ ಮಾತ್ರ.

ಉಳಿದದ್ದು ಸಲೀಸು. x_N − ε S ನಲ್ಲಿರುವುದರಿಂದ L ಅದಕ್ಕಿಂತ ಕಡಿಮೆಯಿಲ್ಲ. x_N + ε ಒಂದು ಗಡಿಯಾದ್ದರಿಂದ L ಅದನ್ನು ಮೀರುವುದಿಲ್ಲ. ಹಾಗಾಗಿ |x_N − L| ≤ ε. N ದಾಟಿದ ಯಾವ n ಆದರೂ x_N ನಿಂದ ε ಒಳಗೇ ಇದೆ. ಎರಡನ್ನೂ ಕೂಡಿದರೆ |xₙ − L| < 2ε. ε ನಮ್ಮ ಇಷ್ಟದ್ದಾಗಿತ್ತು, L ಮಾತ್ರ ಎಲ್ಲ ε ಗೂ ಅದೇ. ಕನ್ವರ್ಜ್ ಆಯಿತು.

ಇದೇ ಸಾಧನೆಯನ್ನು ನಮ್ಮ 3/2, 17/12 ಸೀಕ್ವೆನ್ಸಿಗೆ, ಭಾಗಲಬ್ಧ ಸಂಖ್ಯೆಗಳ ಒಳಗೇ, ಸಾಲು ಸಾಲಾಗಿ ಹಾಕಿ ನೋಡಿ. S ಸಿಗುತ್ತದೆ: ಋಣ ಸಂಖ್ಯೆಗಳು, ಸೊನ್ನೆ, ಮತ್ತು ವರ್ಗ 2ಕ್ಕಿಂತ ಕಡಿಮೆ ಇರುವ ಧನ ಭಿನ್ನರಾಶಿಗಳು. ಖಾಲಿಯಲ್ಲ, ಗಡಿಯೂ ಇದೆ. ಸುಪ್ರೀಮಮ್ ಒಂದಿದೆ ಅನ್ನುವ ಸಾಲಿಗೆ ಬಂದಾಗ ಗಾಡಿ ನಿಲ್ಲುತ್ತದೆ. ಯಾವ ಧನ ಭಿನ್ನರಾಶಿ r ತಂದು ಇದೇ ಸುಪ್ರೀಮಮ್ ಅಂದರೂ s = (2r + 2)/(r + 2) ಅನ್ನುವ ಇನ್ನೊಂದು ಭಿನ್ನರಾಶಿ ತಯಾರಾಗುತ್ತದೆ. ಲೆಕ್ಕ ಮಾಡಿದರೆ s − r = (2 − r²)/(r + 2), ಮತ್ತು s² − 2 = 2(r² − 2)/(r + 2)². r² < 2 ಆಗಿದ್ದರೆ s ಅದಕ್ಕಿಂತ ದೊಡ್ಡದು, ಆದರೂ S ಒಳಗೇ ಇದೆ. ಅಂದರೆ r ಗಡಿಯೇ ಅಲ್ಲ. r² > 2 ಆಗಿದ್ದರೆ s ಇನ್ನೂ ಚಿಕ್ಕ ಗಡಿ. ಅಂದರೆ r ಎಲ್ಲಕ್ಕಿಂತ ಚಿಕ್ಕದಲ್ಲ. r² = 2 ಅಂತೂ ಸಾಧ್ಯವಿಲ್ಲ. ಸಾಧನೆಯ ಬೇರೆ ಯಾವ ಸಾಲೂ ಇಲ್ಲಿ ಕೆಡಲಿಲ್ಲ.

"ಸುತ್ತು ಹೊಡೆದ ಹಾಗೆ" ಅನ್ನುವ ನಿಮ್ಮ ದೂರಿಗೆ ಅರ್ಧ ಉತ್ತರ ಇಲ್ಲೇ ಇದೆ. ಮೇಲೆ ನಾನು ಪೂರ್ಣತೆ ಅಂದದ್ದು ಸುಪ್ರೀಮಮ್ ಇರುತ್ತದೆ ಅನ್ನುವ ಮಾತನ್ನು. ಅದರಲ್ಲಿ ಸೀಕ್ವೆನ್ಸಿನ ಹೆಸರೇ ಇಲ್ಲ. ಅದರಿಂದ ಕೋಶಿ ಪ್ರಮೇಯ ಹೊರಟಿತು. ಸುತ್ತಿಲ್ಲ. ಕೆಲವು ಪುಸ್ತಕಗಳು ಕೋಶಿ ಷರತ್ತನ್ನೇ ಪೂರ್ಣತೆಯ ವ್ಯಾಖ್ಯೆ ಮಾಡಿಕೊಂಡು ಶುರು ಮಾಡುತ್ತವೆ. ಅಲ್ಲಿ ಸುಪ್ರೀಮಮ್ ಇದೆ ಅನ್ನುವುದು ಸಾಧಿಸಬೇಕಾದ ಪ್ರಮೇಯವಾಗುತ್ತದೆ. ಆದರೆ ಆ ದಾರಿಯಲ್ಲಿ ಆರ್ಕಿಮಿಡೀಸ್ ಗುಣವನ್ನೂ, ಅಂದರೆ 1/n ಗಳು ಸೊನ್ನೆಗೆ ಹೋಗುತ್ತವೆ ಅನ್ನುವುದನ್ನೂ, ಬೇರೆಯಾಗಿ ಸೇರಿಸಿಕೊಳ್ಳಬೇಕು. ಅದನ್ನು ಬಿಟ್ಟರೆ ಸುಪ್ರೀಮಮ್ ಬರುವುದಿಲ್ಲ. ಎಲ್ಲಿಂದಾದರೂ ಹೊರಡಿ, ಎರಡನ್ನೂ ಒಟ್ಟಿಗೆ ಬೆರೆಸಬೇಡಿ. ನಿಮ್ಮ ಕ್ಲಾಸಿನಲ್ಲಿ ಬೆರೆತಿರಬೇಕು.

ಇನ್ನರ್ಧ ಉತ್ತರ ಇತಿಹಾಸದಲ್ಲಿದೆ, ಯಾಕಂದರೆ ಈ ಅನುಮಾನ ನಿಮಗೊಬ್ಬರಿಗೇ ಬಂದದ್ದಲ್ಲ. ಬೋಲ್ಜಾನೊ 1817ರಲ್ಲೇ ಈ ಷರತ್ತನ್ನು ಬರೆದು ಸಾಧಿಸಲು ನೋಡಿದ. ಕೋಶಿ 1821ರ ತನ್ನ ಪಠ್ಯದಲ್ಲಿ ಹೇಳಿದ, ಆದರೆ ಕಷ್ಟದ ದಿಕ್ಕಿಗೆ ಸಾಧನೆ ಕೊಡಲಿಲ್ಲ. ಕೊಡುವಂತೆಯೂ ಇರಲಿಲ್ಲ, ಯಾಕಂದರೆ ವಾಸ್ತವ ಸಂಖ್ಯೆ ಅಂದರೆ ಏನು ಅನ್ನುವುದಕ್ಕೇ ಆಗ ಗಟ್ಟಿ ವ್ಯಾಖ್ಯೆ ಇರಲಿಲ್ಲ. 1872ರಲ್ಲಿ ಡೆಡೆಕಿಂಡ್ ಮತ್ತು ಕ್ಯಾಂಟರ್ ಇಬ್ಬರೂ ಅದನ್ನು ಬೇರೆ ಬೇರೆ ದಾರಿಯಲ್ಲಿ ಕಟ್ಟಿದರು. ಮೇಲೆ ನೋಡಿದ S ಡೆಡೆಕಿಂಡ್ ದಾರಿಯದ್ದು. ಕ್ಯಾಂಟರ್ ಇನ್ನೂ ನೇರ ಮನುಷ್ಯ: ಭಿನ್ನರಾಶಿಗಳ ಕೋಶಿ ಸೀಕ್ವೆನ್ಸ್ ಕೂಡುವ ಜಾಗದಲ್ಲಿ ತೂತಿದ್ದರೆ, ಆ ಸೀಕ್ವೆನ್ಸನ್ನೇ ಸಂಖ್ಯೆ ಅಂತ ಕರೆಯೋಣ. ಅಂತರ ಸೊನ್ನೆಗೆ ಹೋಗುವ ಎರಡು ಸೀಕ್ವೆನ್ಸುಗಳನ್ನು ಒಂದೇ ಸಂಖ್ಯೆ ಅನ್ನೋಣ.

ಇದೇ ಮೋಸ ಅನ್ನಿಸಬಹುದು. ಆದರೆ ಇಲ್ಲೂ ಸಾಧಿಸಬೇಕಾದ್ದು ಬಾಕಿ ಇದೆ. ಭಿನ್ನರಾಶಿಗಳ ತೂತು ಮುಚ್ಚಿದೆವು ಸರಿ. ಹೊಸದಾಗಿ ಬಂದ ಈ ಸಂಖ್ಯೆಗಳಿಂದ ಮಾಡಿದ ಕೋಶಿ ಸೀಕ್ವೆನ್ಸಿಗೆ ಮತ್ತೆ ಹೊಸ ತೂತು ಸಿಕ್ಕರೆ? ಸಿಗುವುದಿಲ್ಲ. ಪ್ರತಿ xₙ ಪಕ್ಕದಲ್ಲಿ 1/n ದೂರದೊಳಗೆ ಒಂದು ಭಿನ್ನರಾಶಿ rₙ ಹಿಡಿಯಿರಿ. xₙ ಗಳು ಗುಂಪುಗೂಡುವುದರಿಂದ rₙ ಗಳೂ ಗುಂಪುಗೂಡುತ್ತವೆ. (rₙ) ಒಂದು ಭಿನ್ನರಾಶಿಗಳ ಕೋಶಿ ಸೀಕ್ವೆನ್ಸ್, ಅಂದರೆ ಅದೇ ಒಂದು ವಾಸ್ತವ ಸಂಖ್ಯೆ. xₙ ಗಳು ಹೋಗಿ ಸೇರುವುದು ಅದಕ್ಕೇ. ಒಂದು ಸುತ್ತಿನಲ್ಲೇ ಎಲ್ಲ ತೂತೂ ಮುಚ್ಚುತ್ತದೆ.

ಇನ್ನು ಬರೆಯುವ ವಿಚಾರ. ಸೀಕ್ವೆನ್ಸ್ ಕೋಶಿ ಅಂತ ತೋರಿಸಬೇಕಾದರೆ |xₘ − xₙ| ಅನ್ನು m ಇಲ್ಲದ, n ಮಾತ್ರ ಇರುವ, ಸೊನ್ನೆಗೆ ಹೋಗುವ ಯಾವುದಾದರೂ ಒಂದರ ಕೆಳಗೆ ತನ್ನಿ. m ಉಳಿದರೆ ಗೆಳೆಯನ ತಪ್ಪೇ ಮತ್ತೆ. ಉದಾಹರಣೆಗೆ 1 + 1/4 + 1/9 + … + 1/n² ಮೊತ್ತವನ್ನು sₙ ಅನ್ನಿ. 1/k² ಎಂಬುದು 1/(k−1) − 1/k ಗಿಂತ ಚಿಕ್ಕದು. n+1 ರಿಂದ m ವರೆಗೆ ಕೂಡಿದರೆ ಮಧ್ಯದವೆಲ್ಲ ಹೊಡೆದುಹೋಗಿ 1/n − 1/m ಉಳಿಯುತ್ತದೆ. ಅದು 1/n ಗಿಂತ ಕಡಿಮೆ. m ಹೋಯಿತು, ಕೆಲಸ ಆಯಿತು. ಲಿಮಿಟ್ π²/6 ಅಂತ ತಿಳಿದಿರಲೇಬೇಕಿಲ್ಲ. ವರ್ಗದ ಬದಲು ಘನ ಹಾಕಿದರೆ, 1 + 1/8 + 1/27 + …, ಆ ಮೊತ್ತಕ್ಕೆ ಇಂಥ ಸರಳ ಸೂತ್ರ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಆದರೂ ಅದು ಕನ್ವರ್ಜ್ ಆಗುತ್ತದೆ ಅಂತ ಇದೇ ರೀತಿ ಎರಡು ಸಾಲಿನಲ್ಲಿ ಹೇಳಬಹುದು. ಕೋಶಿ ಷರತ್ತಿನ ಬೆಲೆ ಇರುವುದು ಅಲ್ಲೇ.

ಕೋಶಿ ಅಲ್ಲ ಅಂತ ತೋರಿಸಬೇಕಾದರೆ m ಅನ್ನು n ಜೊತೆಗೇ ಓಡಿಸಿ. 1 + 1/2 + … + 1/n ನಲ್ಲಿ m = 2n ಹಾಕಿ. n+1 ರಿಂದ 2n ವರೆಗೆ n ಪದಗಳು, ಪ್ರತಿಯೊಂದೂ ಕನಿಷ್ಠ 1/(2n). ಒಟ್ಟು ಅರ್ಧಕ್ಕಿಂತ ಕಡಿಮೆ ಆಗುವುದೇ ಇಲ್ಲ. ε = 1/2ಕ್ಕೆ N ಸಿಗಲಿಲ್ಲ.

ಸಿದ್ಧ ಹತಾರವೂ ಒಂದಿದೆ: ಪ್ರತಿ ಅಂತರ ಹಿಂದಿನ ಅಂತರದ c ಪಟ್ಟನ್ನು ಮೀರದಿದ್ದರೆ, c < 1 ಆಗಿದ್ದರೆ, ಸೀಕ್ವೆನ್ಸ್ ಕೋಶಿ. ಆದರೆ c ಒಂದೇ ನಿಗದಿಯಾದ ಸಂಖ್ಯೆಯಾಗಿರಬೇಕು. "ಪ್ರತಿ ಅಂತರವೂ ಹಿಂದಿನದಕ್ಕಿಂತ ಚಿಕ್ಕದು" ಅಂದರೆ ಸಾಲದು. ಈಗ ನೋಡಿದ 1/n ಮೊತ್ತದಲ್ಲೂ ಹಾಗೇ ಇದೆ, ಅಲ್ವಾ? ಅಲ್ಲಿ ಅನುಪಾತ n/(n+1). ಪ್ರತಿ ಸಲವೂ 1ಕ್ಕಿಂತ ಕಡಿಮೆ, ಆದರೆ 1ಕ್ಕೇ ಅಂಟಿಕೊಳ್ಳುತ್ತಾ ಹೋಗುತ್ತದೆ.

ನಿಮ್ಮ ಮೊದಲ ತಪ್ಪು ಪರೀಕ್ಷೆಯಲ್ಲಿ ಮಾರ್ಕ್ಸ್ ಮಾತ್ರ ಕಳೆಯುತ್ತದೆ, ಪ್ರೋಗ್ರಾಮಿನಲ್ಲಿ ಸದ್ದಿಲ್ಲದೆ ತಪ್ಪು ಉತ್ತರವನ್ನೇ ಕೊಡುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಬರೆಯುವ ರೀತಿ ಇದು:

```python
s, n = 0.0, 1
while 1/n >= 1e-6:
    s += 1/n
    n += 1
print(s)
```

ಇದು ಹತ್ತು ಲಕ್ಷ ಪದ ಕೂಡಿ ಸುಮಾರು 14.3927 ಅಂತ ಮುದ್ರಿಸಿ ನಿಲ್ಲುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ನೋಡಿದರೆ ಉತ್ತರದ ಹಾಗೇ ಇದೆ. ಆ ಮೊತ್ತಕ್ಕೆ ಲಿಮಿಟ್ಟೇ ಇಲ್ಲ. ಗುಮಾನಿ ಬಂದರೆ 1e-6 ಬದಲು 1e-7 ಹಾಕಿ ಓಡಿಸಿ. ಕನ್ವರ್ಜ್ ಆಗುವ ಮೊತ್ತವಾದರೆ ಉತ್ತರ ಅಲುಗಾಡುವುದು ಸಲಸಲಕ್ಕೂ ಕಡಿಮೆಯಾಗಬೇಕು. ಇಲ್ಲಿ ಹತ್ತು ಪಟ್ಟು ಬಿಗಿ ಮಾಡಿದಾಗೆಲ್ಲ ಸುಮಾರು 2.3 ಏರುತ್ತದೆ. ಇದು ಗುಮಾನಿ ಪರೀಕ್ಷೆ ಅಷ್ಟೇ, ಸಾಧನೆಯಲ್ಲ.

ಕನ್ವರ್ಜ್ ಆಗುವ ಕಡೆಯೂ ಈ ಷರತ್ತು ಮೋಸ ಮಾಡುತ್ತದೆ. `1/n` ಇರುವಲ್ಲೆಲ್ಲ `1/n**2` ಹಾಕಿದರೆ ಸುಮಾರು ಸಾವಿರ ಪದಕ್ಕೇ ನಿಂತು 1.6439 ಅನ್ನುತ್ತದೆ. ನಿಜವಾದ ಬೆಲೆ 1.6449. ನೀವು ಕೇಳಿದ್ದು 10⁻⁶ ನಿಖರತೆ, ಬಂದ ತಪ್ಪು ಸುಮಾರು 0.001, ಅಂದರೆ ಸಾವಿರ ಪಟ್ಟು ಜಾಸ್ತಿ. ನಿಲ್ಲಿಸಬೇಕಾದ್ದು ಕೊನೆಯ ಪದ ನೋಡಿ ಅಲ್ಲ, ಮುಂದೆ ಉಳಿದ ಬಾಲ ನೋಡಿ. ಆ ಬಾಲ 1/n ಗಿಂತ ಕಡಿಮೆ ಅಂತ ಮೇಲೆ ಲೆಕ್ಕ ಮಾಡಿದ್ದೇವೆ. ಹಾಗಾಗಿ 10⁻⁶ ಬೇಕಿದ್ದರೆ ಲೂಪನ್ನು ಹತ್ತು ಲಕ್ಷ ಪದದವರೆಗೆ ಬಿಡಿ.